ಪ್ರೆಸ್ಸಿನಲ್ಲಿ ಅಚ್ಚಾಗುವ ಮಸೂರ: ಅರ್ಧಾವಧಿ ವಲಯಗಳನ್ನು ಅಳೆದು, ಜೋನ್ ಪ್ಲೇಟ್ ಮಾಡಿ, ಬೆಳಕನ್ನು ಒಂದು ಬಿಂದುವಿಗೆ ತರುವುದು

ದಾವಣಗೆರೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಗೆ ಒಂದು ಪಿಡಿಎಫ್ ಒಯ್ದು, ಪಾರದರ್ಶಕ ಹಾಳೆಯ ಮೇಲೆ ಕಪ್ಪು ಬಳೆಗಳ ಚಿತ್ರವೊಂದನ್ನು ತೆಗೆಸಿಕೊಂಡು ಬಂದರೆ ಅದು ಮಸೂರದ ಕೆಲಸ ಮಾಡುತ್ತದೆ. ಇದೇ ಜೋನ್ ಪ್ಲೇಟ್. ಅದರಲ್ಲಿ ಉಬ್ಬಿದ ಗಾಜಿಲ್ಲ, ಬೆಳಕನ್ನು ಬಾಗಿಸುವ ವಕ್ರೀಭವನವೂ ಇಲ್ಲ. ಕೆಲವು ಕಡೆ ಬೆಳಕನ್ನು ತಡೆಯುತ್ತದೆ, ಕೆಲವು ಕಡೆ ಬಿಡುತ್ತದೆ, ಅಷ್ಟೇ. ಅರ್ಧ ಬೆಳಕನ್ನು ತಡೆದ ಹಾಳೆ ಒಂದು ಬಿಂದುವಿನಲ್ಲಿ ಬೆಳಕನ್ನು ನೂರಾರು ಪಟ್ಟು ಹೆಚ್ಚಿಸುವುದು ಹೇಗೆ ಎಂಬುದನ್ನು ಬಿ.ಎಸ್ಸಿ. ಪಠ್ಯದಲ್ಲಿ ಸೂತ್ರವಾಗಿ ಓದಿರುತ್ತೇವೆ. ಇಲ್ಲಿ ಅದನ್ನೇ ಅಳತೆ ಹಿಡಿದು ಮಾಡೋಣ. ಒಂದೇ ಕೆಂಪು ಲೇಸರ್, ಒಂದು ಭೂತಗನ್ನಡಿ, ಒಂದೇ ಹಾಳೆ, 9 ಮೀಟರ್ ಉದ್ದದ ಕತ್ತಲ ಜಾಗ ಸಾಕು.

ಮೊದಲು ವಲಯಗಳು ಎಲ್ಲಿವೆ ಎಂದು ಲೆಕ್ಕ ಹಾಕಿ

ಒಂದು ಬೆಳಕಿನ ಬಿಂದು S. ಅದರಿಂದ 6 ಮೀಟರ್ ದೂರದಲ್ಲಿ ನಮ್ಮ ಹಾಳೆ. ಹಾಳೆಯಿಂದ ಇನ್ನೂ 3 ಮೀಟರ್ ಆಚೆ ಬಿಳಿ ಪರದೆ, ಅದರ ಮೇಲೊಂದು ಬಿಂದು P. ಮೂರೂ ಒಂದೇ ಗೆರೆಯಲ್ಲಿವೆ. S ನಿಂದ P ಗೆ ನೇರ ಬರುವ ದಾರಿ ಎಲ್ಲಕ್ಕಿಂತ ಚಿಕ್ಕದು. ಹಾಳೆಯ ಮೇಲೆ ನಡುಬಿಂದುವಿನಿಂದ r ದೂರ ಸರಿದ ಜಾಗದ ಮೂಲಕ ಬರುವ ಬೆಳಕು ಸ್ವಲ್ಪ ಸುತ್ತಿ ಬರಬೇಕು. ಆ ಹೆಚ್ಚುವರಿ ದಾರಿ ಎಷ್ಟೆಂದು ಪೈಥಾಗೊರಸ್ ಪ್ರಮೇಯದಿಂದ ತೆಗೆದರೆ, r ಚಿಕ್ಕದಿರುವವರೆಗೂ, ಹೀಗೆ ಬರುತ್ತದೆ:

```
ಹೆಚ್ಚುವರಿ ದಾರಿ = (r²/2) × (1/a + 1/b)
```

ಇಲ್ಲಿ a = 6 ಮೀಟರ್, b = 3 ಮೀಟರ್. 1/6 ಮತ್ತು 1/3 ಕೂಡಿದರೆ 1/2. ಈ ಎರಡು ದೂರಗಳನ್ನು ಆರಿಸಿಕೊಂಡದ್ದೇ ಲೆಕ್ಕ ಸಲೀಸಾಗಲಿ ಎಂದು.

ಕೆಂಪು ಲೇಸರ್ ಪಾಯಿಂಟರಿನ ತರಂಗದೂರ ಸಾಮಾನ್ಯವಾಗಿ 650 ನ್ಯಾನೊಮೀಟರ್ ಆಸುಪಾಸು. ಹೆಚ್ಚುವರಿ ದಾರಿ ಅದರ ಅರ್ಧ, ಅಂದರೆ 325 ನ್ಯಾನೊಮೀಟರ್ ಆಗುವ ಜಾಗ ಎಲ್ಲಿ? ಸೂತ್ರದಲ್ಲಿ ಹಾಕಿದರೆ r² = 1.3 ಚದರ ಮಿ.ಮೀ., r = 1.14 ಮಿ.ಮೀ. ಈ ವೃತ್ತದ ಒಳಗಿನದು ಮೊದಲ ಅರ್ಧಾವಧಿ ವಲಯ. ಹೆಚ್ಚುವರಿ ದಾರಿ ಇನ್ನೂ ಅರ್ಧ ತರಂಗದೂರ ಬೆಳೆಯುವುದು r² = 2.6 ಆದಾಗ, ಅಂದರೆ 1.61 ಮಿ.ಮೀ.ನಲ್ಲಿ. ಅಲ್ಲಿಗೆ ಎರಡನೆಯ ವಲಯ ಮುಗಿಯಿತು. ಒಟ್ಟಿನಲ್ಲಿ n ನೆಯ ವಲಯದ ಹೊರ ಅಂಚು

```
r² = 1.3 × n   (ಮಿ.ಮೀ.ಗಳಲ್ಲಿ)
```

9ನೆಯ ವಲಯ 3.42 ಮಿ.ಮೀ.ಗೆ, 19ನೆಯದು 4.97 ಮಿ.ಮೀ.ಗೆ ಮುಗಿಯುತ್ತದೆ. ಬಳೆಗಳು ಹೊರಹೊರಗೆ ಹೋದಂತೆ ಸಣ್ಣಗಾಗುತ್ತವೆ. 19ನೆಯದರ ಅಗಲ ಬರೀ 0.13 ಮಿ.ಮೀ. ಡಿಟಿಪಿ ಮಾಡುವ ಹುಡುಗ ಈ ಚಿತ್ರ ನೋಡಿ "ಸರ್, ಹೊರಗಡೆ ಗೆರೆ ತೀರಾ ಸಣ್ಣ ಆಗ್ಯಾವು, ಎಲ್ಲಾ ಸಮ ಮಾಡ್ಲೇನು?" ಎಂದು ಕೇಳಿದರೆ, ದಯವಿಟ್ಟು ಬೇಡ ಅನ್ನಿ. ಅಗಲ ಸಮ ಮಾಡಿದರೆ ಎಲ್ಲ ಕೆಟ್ಟಿತು. ಸಮ ಇರಬೇಕಾದದ್ದು ಕ್ಷೇತ್ರಫಲ, ಅದು ಆಗಲೇ ಸಮ ಇದೆ: r² ಪ್ರತಿ ಸಲವೂ 1.3 ಮಾತ್ರ ಏರುವುದರಿಂದ ಒಂದೊಂದು ವಲಯವೂ π × 1.3, ಸುಮಾರು 4.1 ಚದರ ಮಿ.ಮೀ.

ಅಕ್ಕಪಕ್ಕದ ವಲಯಗಳು ಒಂದನ್ನೊಂದು ಹೇಗೆ ಅಳಿಸುತ್ತವೆ

ಕ್ಷೇತ್ರಫಲ ಸಮ ಇರುವುದರಿಂದ ಪ್ರತಿ ವಲಯವೂ P ಗೆ ಹೆಚ್ಚುಕಡಿಮೆ ಅಷ್ಟೇ ಬಲದ ಅಲೆ ಕಳಿಸುತ್ತದೆ. ಆದರೆ ಪಕ್ಕದ ವಲಯದ ಬೆಳಕು ಅರ್ಧ ತರಂಗದೂರ ತಡವಾಗಿ ಬರುತ್ತದೆ: ಒಂದರ ಉಬ್ಬು ಬಂದಾಗ ಇನ್ನೊಂದರ ತಗ್ಗು ಬಂದಿರುತ್ತದೆ. ಹಾಗಾಗಿ P ಯಲ್ಲಿ ಅಲೆಯ ಪಾರ, ಅಂದರೆ ಆಂಪ್ಲಿಟ್ಯೂಡ್, ಹೀಗೆ ಕೂಡುತ್ತದೆ:

```
A = A1 − A2 + A3 − A4 + A5 − ...
```

ಹೊರಗಿನ ವಲಯಗಳಿಂದ ಬರುವ ಬೆಳಕು ಹೆಚ್ಚು ಓರೆಯಾಗಿ, ಹೆಚ್ಚು ದೂರದಿಂದ ಬರುವುದರಿಂದ ಈ ಪದಗಳು ತೀರಾ ನಿಧಾನವಾಗಿ ಕುಗ್ಗುತ್ತ ಹೋಗುತ್ತವೆ. A1 ಅನ್ನು ಎರಡು ಅರ್ಧಗಳಾಗಿ ಒಡೆಯಿರಿ, A3, A5 ಮುಂತಾದವನ್ನೂ ಹಾಗೇ ಒಡೆಯಿರಿ. ಪ್ರತಿ ಸಮ ವಲಯವನ್ನೂ ಅದರ ಹಿಂದಿನದರ ಅರ್ಧ ಮತ್ತು ಮುಂದಿನದರ ಅರ್ಧ ಸೇರಿ ಅಳಿಸಿಬಿಡುತ್ತವೆ. ಕೊನೆಗೆ ಉಳಿಯುವುದು A1 ನ ಅರ್ಧ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಏನನ್ನೂ ಅಡ್ಡ ಇಡದೆ ಪೂರ್ತಿ ಬೆಳಕನ್ನು ಬಿಟ್ಟಾಗ P ಗೆ ಸಿಗುವುದು ಮೊದಲ ವಲಯ ಒಂದೇ ಕೊಡುವುದರ ಅರ್ಧ ಪಾರ. ಹಾಗಿದ್ದರೆ ಮೊದಲ ವಲಯದಷ್ಟೇ ತೂತು ಬಿಟ್ಟು ಉಳಿದೆಲ್ಲ ಮುಚ್ಚಿದರೆ ಪಾರ ಎರಡು ಪಟ್ಟಾಗಬೇಕು. ಬೆಳಕಿನ ತೀವ್ರತೆ ಪಾರದ ವರ್ಗ, ಆದ್ದರಿಂದ ಅದು ನಾಲ್ಕು ಪಟ್ಟು. ತೂತನ್ನು ಎರಡು ವಲಯಗಳಷ್ಟು ದೊಡ್ಡದು ಮಾಡಿದರೆ A1 − A2, ಅಂದರೆ ನಡುವೆ ಕತ್ತಲು. ತೂತು ದೊಡ್ಡದಾದರೆ ಬೆಳಕು ಆರುತ್ತದೆ ಎಂಬುದನ್ನು ನಂಬುವುದು ಕಷ್ಟ, ಅದಕ್ಕೇ ಜೋನ್ ಪ್ಲೇಟಿಗೆ ಮುಂಚೆ ಇದನ್ನು ಕಣ್ಣಾರೆ ನೋಡಬೇಕು. 1818ರಲ್ಲಿ ಫ್ರೆನೆಲ್ ತನ್ನ ಅಲೆ ಸಿದ್ಧಾಂತವನ್ನು ಪ್ಯಾರಿಸ್ಸಿನ ಅಕಾಡೆಮಿಗೆ ಒಪ್ಪಿಸಿದಾಗ ಗಣಿತಜ್ಞ ಪಾಯ್ಸಾನ್‌ಗೂ ನಂಬಿಕೆ ಹುಟ್ಟಲಿಲ್ಲ. ಈ ಲೆಕ್ಕ ನಿಜವಾದರೆ ದುಂಡು ಬಿಲ್ಲೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕಿ ಇರಬೇಕಲ್ಲ ಎಂದು ಅವನು ಆಕ್ಷೇಪ ಎತ್ತಿದ. ಅರಾಗೊ ಪ್ರಯೋಗ ಮಾಡಿ ನೋಡಿದಾಗ ಚುಕ್ಕಿ ಅಲ್ಲಿತ್ತು.

ಈಗ ಜೋನ್ ಪ್ಲೇಟಿನ ಗುಟ್ಟು ತಾನಾಗಿ ಹೊರಬರುತ್ತದೆ. ಮೇಲಿನ ಸಾಲಿನಲ್ಲಿ ಕಳೆಯುವ ಪದಗಳನ್ನೆಲ್ಲ ಕಪ್ಪು ಬಳಿದು ಮುಚ್ಚಿಬಿಡಿ. 1, 3, 5 ಹೀಗೆ 19ರವರೆಗೆ ಹತ್ತು ವಲಯ ಮಾತ್ರ ತೆರೆದಿದ್ದರೆ ಮೊತ್ತ ಸುಮಾರು 10 × A1. ಪೂರ್ತಿ ತೆರೆದಾಗ ಇದ್ದದ್ದು A1/2. ಪಾರ 20 ಪಟ್ಟು, ತೀವ್ರತೆ 400 ಪಟ್ಟು.

ಶಕ್ತಿ ಹೊಸದಾಗಿ ಹುಟ್ಟಲಿಲ್ಲ. ಬೇರೆ ಕಡೆ ಹೋಗಬೇಕಿದ್ದ ಬೆಳಕು ಈಗ ಈ ಬಿಂದುವಿಗೆ ಬಂದಿದೆ, ಅದೂ ಹಾಳೆಯ ಮೇಲೆ ಬಿದ್ದದ್ದರಲ್ಲಿ ಹತ್ತನೆಯ ಒಂದು ಪಾಲು ಮಾತ್ರ. ಅರ್ಧ ಕಪ್ಪಿನಲ್ಲಿ ಹೋಯಿತು, ಕಾಲು ಭಾಗ ಏನೂ ಆಗದೆ ನೇರ ದಾಟಿಹೋಯಿತು, ಇನ್ನೊಂದು ಹತ್ತನೆಯ ಪಾಲು ತಗ್ಗು ಮಸೂರದ ಹಾಗೆ ಹೊರಕ್ಕೆ ಹರಡಿತು, ಉಳಿದ ಚೂರುಪಾರು ಬೇರೆ ಸಂಗಮ ಬಿಂದುಗಳಿಗೆ ಹಂಚಿಹೋಯಿತು.

ಚಿತ್ರ ಮಾಡುವುದು

ಚಿತ್ರವನ್ನು ಕೋರೆಲ್‌ಡ್ರಾದಲ್ಲಿ ಕೈಯಿಂದ ಬಿಡಿಸುವುದಕ್ಕಿಂತ ಪೋಸ್ಟ್‌ಸ್ಕ್ರಿಪ್ಟಿನ ನಾಲ್ಕಾರು ಸಾಲು ಬರೆಯುವುದು ವಾಸಿ, ಅಳತೆ ತಪ್ಪುವುದಿಲ್ಲ. ಇದನ್ನು `zone.ps` ಎಂಬ ಹೆಸರಿನಲ್ಲಿ ಉಳಿಸಿ:

```
%!PS
72 25.4 div dup scale
105 148 translate
0 setgray -50 -10 100 20 rectfill
20 -1 1 {
  /n exch def
  n 2 mod setgray
  newpath 0 0 n 1.3 mul sqrt 0 360 arc fill
} for
1 setgray
newpath -30 0 1.3 sqrt 0 360 arc fill
newpath 30 0 2.6 sqrt 0 360 arc fill
showpage
```

ಆಮೇಲೆ `ps2pdf zone.ps zone.pdf`. ಸಿಗುವುದು 100 ಮಿ.ಮೀ. ಉದ್ದ, 20 ಮಿ.ಮೀ. ಎತ್ತರದ ಕಪ್ಪು ಪಟ್ಟಿ. ನಡುವೆ ಜೋನ್ ಪ್ಲೇಟ್, ಎಡಕ್ಕೆ ಒಂದೇ ವಲಯದ ತೂತು, ಬಲಕ್ಕೆ ಎರಡು ವಲಯಗಳ ತೂತು. ಪ್ಲೇಟಿನ ಸುತ್ತ ಕಪ್ಪು ಇರಲೇಬೇಕು, ಇಲ್ಲದಿದ್ದರೆ ಹೊರಗಿನಿಂದ ಬರುವ ಬೆಳಕು ಚುಕ್ಕಿಯನ್ನು ಮಸುಕು ಮಾಡುತ್ತದೆ.

ಅಂಗಡಿಯಲ್ಲಿ ಎರಡು ಮಾತು ಒತ್ತಿ ಹೇಳಿ. ಒಂದು, ಹಾಳೆಗೆ ಹೊಂದಿಸಿ ಹಿಗ್ಗಿಸುವುದು ಕುಗ್ಗಿಸುವುದು ಬೇಡ, 100 ಪ್ರತಿಶತ ಅಳತೆಯಲ್ಲೇ ಬರಲಿ. ಎರಡು, ಅಪ್ಪಟ ಕಪ್ಪು ಮಾತ್ರ ಇರಲಿ, ಬಣ್ಣ ಬೆರೆಸಿದ ಕಪ್ಪು ಬೇಡ. ಸಾಮಾನ್ಯ ಲೇಸರ್ ಪ್ರಿಂಟರಿನಲ್ಲಿ ಓಹೆಚ್‌ಪಿ ಶೀಟಿನ ಮೇಲೆ ತೆಗೆದರೂ ನಡೆಯುತ್ತದೆ. 600 ಡಿಪಿಐ ಆದರೆ ಒಂದು ಚುಕ್ಕಿ 0.042 ಮಿ.ಮೀ., ನಮ್ಮ ಅತಿ ಸಣ್ಣ ಬಳೆಗೆ ಮೂರು ಚುಕ್ಕಿ ಬೀಳುತ್ತವೆ. ಅದಕ್ಕಿಂತ ಕಮ್ಮಿ ಆಗಬಾರದು. ಆಫ್‌ಸೆಟ್ ಅಥವಾ ಸ್ಕ್ರೀನ್ ಪ್ರಿಂಟಿಂಗಿಗೆ ಪಾಸಿಟಿವ್ ಫಿಲ್ಮ್ ತೆಗೆದುಕೊಡುವವರು ಸಿಕ್ಕರೆ ಅಲ್ಲೇ ಮಾಡಿಸಿ. ಆ ಫಿಲ್ಮಿನ ಕಪ್ಪು ಗಟ್ಟಿ, ಅಂಚು ಹರಿತ. ಓಹೆಚ್‌ಪಿ ಶೀಟಿನ ಕಪ್ಪನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರೆ ಸೂಜಿ ಚುಚ್ಚಿದಂಥ ಸಣ್ಣ ಬೆಳಕಿನ ತೂತುಗಳು ಕಾಣಬಹುದು. ಕೆಲವಿದ್ದರೆ ಚಿಂತೆಯಿಲ್ಲ. ಅದನ್ನು ಮುಚ್ಚಲೆಂದು ಎರಡು ಶೀಟು ಒಂದರ ಮೇಲೊಂದು ಅಂಟಿಸಬೇಡಿ, 0.13 ಮಿ.ಮೀ. ಬಳೆಗಳು ಕೈಯಲ್ಲಿ ಹೊಂದುವುದಿಲ್ಲ.

ಮನೆಗೆ ಬಂದ ಕೂಡಲೇ ಕಪ್ಪು ಪಟ್ಟಿಯ ಉದ್ದಕ್ಕೆ ಸ್ಕೇಲ್ ಇಡಿ. ಸರಿಯಾಗಿ 100 ಮಿ.ಮೀ. ಇರಬೇಕು. 97 ಬಂದರೆ ಪ್ರಿಂಟರ್ ಕುಗ್ಗಿಸಿದೆ ಎಂದು ಅರ್ಥ. ಹಾಳೆ ಆಗಲೂ ಕೆಲಸ ಮಾಡುತ್ತದೆ, ಆದರೆ ಪ್ಲೇಟಿನ ಸಂಗಮದೂರ, ಅಂದರೆ 1 ಅನ್ನು 1/a + 1/b ಇಂದ ಭಾಗಿಸಿದ್ದು, ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ 2 ಮೀಟರ್ ಬದಲು 1.88 ಆಗುತ್ತದೆ, ಚುಕ್ಕಿ 3 ಮೀಟರಿಗೆ ಬದಲು ಸುಮಾರು 2.75 ಮೀಟರಿನಲ್ಲಿ ಮೂಡುತ್ತದೆ.

ಬೆಳಕಿನ ಬಿಂದು ಮತ್ತು ಜಾಗ

ಲೇಸರ್ ಪಾಯಿಂಟರಿನ ಕಿರಣ ಕೆಲವೇ ಮಿ.ಮೀ. ಅಗಲ. ನಮ್ಮ ಪ್ಲೇಟ್ 1 ಸೆಂ.ಮೀ. ಅಗಲ. ಕಿರಣವನ್ನು ಹಾಗೇ ಹಾಯಿಸಿದರೆ ಒಳಗಿನ ಕೆಲವು ವಲಯಗಳಿಗಷ್ಟೇ ಬೆಳಕು ಬೀಳುತ್ತದೆ. ಅದಕ್ಕೆ ಪಾಯಿಂಟರಿನ ಮುಂದೆ 10 ಸೆಂ.ಮೀ. ಸಂಗಮದೂರದ ಒಂದು ಭೂತಗನ್ನಡಿ ಇಡಿ. ಕಿರಣ 10 ಸೆಂ.ಮೀ. ಆಚೆ ಒಂದು ಬಿಂದುವಿಗೆ ಕೂಡಿ, ಅಲ್ಲಿಂದ ಹರಡುತ್ತ ಹೋಗುತ್ತದೆ. ಆ ಬಿಂದುವೇ ನಮ್ಮ S. 6 ಮೀಟರ್ ಅಳೆಯಬೇಕಾದದ್ದು ಅಲ್ಲಿಂದ, ಪಾಯಿಂಟರಿನ ಮೂತಿಯಿಂದಲ್ಲ. ಹಾಳೆಯ ಹತ್ತಿರ ಬರುವಷ್ಟರಲ್ಲಿ ಬೆಳಕು ಅಂಗೈ ಅಗಲಕ್ಕೂ ಹೆಚ್ಚು ಹರಡಿರುತ್ತದೆ, ನಮಗೆ ಬೇಕಾದ 1 ಸೆಂ.ಮೀ. ಮೇಲೆ ಸಮನಾಗಿ ಬೀಳುತ್ತದೆ.

ಪಾಯಿಂಟರಿನ ಗುಂಡಿಗೆ ಬಟ್ಟೆಯ ಕ್ಲಿಪ್ಪು ಕಚ್ಚಿಸಿದರೆ ಹೊತ್ತಿಯೇ ಇರುತ್ತದೆ. ಯಾರೂ ಲೇಸರಿನ ಕಡೆ ಮುಖ ಮಾಡಿ ಕಿರಣದ ಎತ್ತರಕ್ಕೆ ಕಣ್ಣು ತರಬಾರದು. ಚುಕ್ಕಿಯನ್ನು ಪರದೆಯ ಮೇಲೆ ನೋಡಬೇಕು, ಹಾಳೆಯ ಮೂಲಕ ಇಣುಕಿ ನೋಡಬಾರದು. ಮಕ್ಕಳಿದ್ದರೆ ಇದನ್ನು ಎರಡು ಸಲ ಹೇಳಿ.

9 ಮೀಟರ್ ಉದ್ದ ಮನೆಯ ಪಡಸಾಲೆಯಲ್ಲಿ ಸಿಗುವುದು ಕಷ್ಟ. ಕಾಲೇಜಿನ ವರಾಂಡ ಒಳ್ಳೆಯದು, ಸಂಜೆ ಏಳರ ಮೇಲೆ. ಮಾಳಿಗೆಯ ಮೇಲೂ ಆದೀತು, ಆದರೆ ನಮ್ಮ ಬಯಲುಸೀಮೆಯ ಗಾಳಿಗೆ ಹಾಳೆ ಅಲ್ಲಾಡಿ ಚುಕ್ಕಿ ಕುಣಿಯುತ್ತದೆ. ಬೇಸಿಗೆಯಲ್ಲಿ ಕಾದ ತಾರಸಿಯಿಂದ ಏಳುವ ಬಿಸಿಗಾಳಿ ಇನ್ನೂ ಕೆಟ್ಟದು, ಚುಕ್ಕಿ ಒಂದು ಕಡೆ ನಿಲ್ಲುವುದೇ ಇಲ್ಲ. ಹಾಳೆಯನ್ನು ರಟ್ಟಿನ ಚೌಕಟ್ಟಿಗೆ ಬಿಗಿಯಾಗಿ ಅಂಟಿಸಿ, ಬೆಳಕಿಗೆ ನೇರ ಎದುರಾಗಿ ನಿಲ್ಲಿಸಿ.

ಮೊದಲು ಎರಡು ತೂತು, ಆಮೇಲೆ ಪ್ಲೇಟ್

ಎರಡು ವಲಯಗಳ ತೂತನ್ನು ಬೆಳಕಿನ ದಾರಿಗೆ ತನ್ನಿ, ಪ್ಲೇಟ್ ಮತ್ತು ಇನ್ನೊಂದು ತೂತಿಗೆ ಕಪ್ಪು ಕಾಗದ ಮುಚ್ಚಿ. 3 ಮೀಟರ್ ದೂರದ ಪರದೆಯ ಮೇಲೆ ಸುಮಾರು 5 ಮಿ.ಮೀ. ಅಗಲದ ಕೆಂಪು ವೃತ್ತ, ಅದರ ನಟ್ಟನಡುವೆ ಕಪ್ಪು ಚುಕ್ಕಿ. ಬರಿಗಣ್ಣಿಗೆ ತಿಳಿಯದಿದ್ದರೆ ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದು ಹಿಗ್ಗಿಸಿ ನೋಡಿ. ಈಗ ಪರದೆಯನ್ನು ನಿಧಾನವಾಗಿ ಹಾಳೆಯ ಕಡೆ ತನ್ನಿ. 1.7 ಮೀಟರ್ ಹತ್ತಿರ ಬಂದಾಗ ನಡುವೆ ಬೆಳಕು ತುಂಬುತ್ತದೆ, 1.2 ಮೀಟರಿಗೆ ಮತ್ತೆ ಕಪ್ಪಾಗುತ್ತದೆ. ತೂತು ಅದೇ ಇದೆ. ಆದರೆ P ಹತ್ತಿರ ಬಂದಂತೆ ವಲಯಗಳು ಚಿಕ್ಕದಾಗಿ, ಅದೇ ತೂತಿನೊಳಗೆ ಎರಡರ ಬದಲು ಮೂರು, ಆಮೇಲೆ ನಾಲ್ಕು ಹಿಡಿಯುತ್ತವೆ. ಬೆಸ ಬಂದಾಗ ಬೆಳಕು, ಸಮ ಬಂದಾಗ ಕತ್ತಲು. ವಲಯಗಳು ಹಾಳೆಯ ಮೇಲೆ ಅಂಟಿಕೊಂಡ ವಸ್ತುಗಳಲ್ಲ, ನೀವು ಎಲ್ಲಿಂದ ನೋಡುತ್ತೀರಿ ಎಂಬುದಕ್ಕೆ ಸೇರಿದವು. ಹತ್ತಿರದ ವಿವರ್ತನೆಯ ಜೀವಾಳ ಇದೇ ಎಂದು ನನಗನ್ನಿಸುತ್ತದೆ, ಈ ತೂತಿಗೆ ಸಾಕಷ್ಟು ಹೊತ್ತು ಕೊಡಿ. ಒಂದೇ ವಲಯದ ತೂತನ್ನು 3 ಮೀಟರಿನಲ್ಲಿ ಹೋಲಿಸಿ ನೋಡಿದರೆ ಅದರ ನಡು ಬೆಳಗಿರುತ್ತದೆ.

ಈಗ ತೂತುಗಳನ್ನು ಮುಚ್ಚಿ, ಪ್ಲೇಟನ್ನು ತೆರೆಯಿರಿ. 3 ಮೀಟರಿನಲ್ಲಿ 15 ಮಿ.ಮೀ. ಅಗಲದ ಮಂದ ಕೆಂಪು ಬೆಳಕು, ಅದರ ನಡುವೆ ಅರ್ಧ ಮಿ.ಮೀ.ನಷ್ಟು ಸಣ್ಣ, ಕಣ್ಣಿಗೆ ಹೊಡೆಯುವ ಚುಕ್ಕಿ. ಮಂದ ಬೆಳಕು ಏನೂ ಆಗದೆ ನೇರ ಬಂದ ಕಾಲು ಭಾಗ. ಚುಕ್ಕಿ ನಮ್ಮ ಸಂಗಮ.

ಪರದೆಯನ್ನು ಹಿಂದೆ ಮುಂದೆ ಸರಿಸಿ ಚುಕ್ಕಿ ಅತಿ ಸಣ್ಣಗಾಗುವ ಜಾಗ ಹುಡುಕುವುದು ಕಷ್ಟ, ಏಕೆಂದರೆ ಸುಮಾರು 10 ಸೆಂ.ಮೀ. ಆಚೀಚೆ ಅದು ಹೆಚ್ಚು ಬದಲಾಗುವುದಿಲ್ಲ. ಎರಡೂ ಕಡೆ ಒಂದೇ ಸಮ ಮಸುಕಾಗುವ ಜಾಗಗಳನ್ನು ಗುರುತು ಹಾಕಿ, ಅವುಗಳ ನಡುವಿನ ಬಿಂದು ತೆಗೆದುಕೊಳ್ಳಿ.

ಇದು ಮಸೂರದ ಹಾಗೆ ಎನ್ನುವುದು ಬರೀ ಮಾತಲ್ಲ. ಪ್ಲೇಟಿನ ಬಳೆಗಳು ಬದಲಾಗವು, r² = 1.3 × n ಹಾಗೇ ಉಳಿಯುತ್ತದೆ. ಹೆಚ್ಚುವರಿ ದಾರಿ ಅರ್ಧ ತರಂಗದೂರದ ಲೆಕ್ಕಕ್ಕೆ ಕೂಡಬೇಕಾದರೆ 1/a + 1/b ಯಾವಾಗಲೂ 1/2 ಇರಲೇಬೇಕು. ಇದು ಸಂಗಮದೂರ 2 ಮೀಟರ್ ಇರುವ ಮಸೂರದ ನಿಯಮವೇ. ಪರೀಕ್ಷಿಸಿ: S ಅನ್ನು 4 ಮೀಟರಿಗೆ ತಂದರೆ ಚುಕ್ಕಿ 4 ಮೀಟರಿಗೆ ಹೋಗಬೇಕು.

ಮಸೂರದಲ್ಲಿ ಇಲ್ಲದ್ದು

6 ಮೀಟರ್ ವ್ಯವಸ್ಥೆಗೆ ಮರಳಿ, ಪರದೆಯನ್ನು ಹಾಳೆಯಿಂದ 75 ಸೆಂ.ಮೀ.ಗೆ ತನ್ನಿ. ಅಲ್ಲಿ ಇನ್ನೊಂದು ಚುಕ್ಕಿ, ಮೊದಲಿನದಕ್ಕಿಂತ ಬಹಳ ಸಣ್ಣದು. ಆ ಬಿಂದುವಿಗೆ ನಮ್ಮ ಒಂದೊಂದು ತೆರೆದ ಬಳೆಯಲ್ಲೂ ಮೂರು ಹೊಸ ವಲಯ ಹಿಡಿಯುತ್ತವೆ. ಎರಡು ಒಂದನ್ನೊಂದು ಅಳಿಸಿ, ಒಂದು ಉಳಿಯುತ್ತದೆ. ಉಳಿದದ್ದೆಲ್ಲ ಒಂದೇ ಲಯದಲ್ಲಿ ಕೂಡುತ್ತವೆ. ಇದು ಸಂಗಮದೂರದ ಮೂರನೆಯ ಒಂದು ಭಾಗಕ್ಕೆ ಸೇರಿದ ಸಂಗಮ. ಇಲ್ಲಿಗೆ ಬರುವ ಶಕ್ತಿ ಮೊದಲನೆಯದರ ಒಂಬತ್ತನೆಯ ಒಂದು ಪಾಲು, ಆದರೆ ಚುಕ್ಕಿಯ ಅಗಲವೂ ಸುಮಾರು ಕಾಲು ಭಾಗಕ್ಕೆ ಇಳಿದಿರುತ್ತದೆ. ಐದನೆಯ ಭಾಗಕ್ಕೂ ಒಂದಿದೆ, 43 ಸೆಂ.ಮೀ. ಹತ್ತಿರ, ಅದು ಕಾಣಲು ಅಚ್ಚು ಚೊಕ್ಕವಾಗಿರಬೇಕು.

ಈಗ 1.2 ಮೀಟರಿಗೆ ಪರದೆ ಇಡಿ. ಸಂಗಮದೂರದ ಅರ್ಧಕ್ಕೆ ಸೇರಿದ ಜಾಗ ಇದು. ಒಂದೊಂದು ಬಳೆಯಲ್ಲಿ ಎರಡು ವಲಯ ಹಿಡಿದು ಅಳಿಸಿಹೋಗುವುದರಿಂದ ಇಲ್ಲಿ ಚುಕ್ಕಿ ಇರಕೂಡದು. ನಿಮ್ಮ ಪ್ಲೇಟಿನಲ್ಲಿ ಇದೆಯೇ? ಹಾಗಿದ್ದರೆ ಟೋನರ್ ಹರಡಿದೆ. ಕಪ್ಪು ಬಳೆಗಳು ಬಿಳಿ ಬಳೆಗಳಿಗಿಂತ ದಪ್ಪವಾಗಿವೆ, ಅದಕ್ಕೇ ಅಳಿಸುವಿಕೆ ಪೂರ್ತಿಯಾಗಿಲ್ಲ. ಸೂಕ್ಷ್ಮದರ್ಶಕ ಇಲ್ಲದೆ ಅಚ್ಚಿನ ಗುಣ ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಮುಖ್ಯ ಚುಕ್ಕಿಯೇ ಉದ್ದಕ್ಕೆ ಎಳೆದಂತೆ ಕಂಡರೆ ಬೇರೆ ಕಾರಣ: ಹಾಳೆ ಓರೆಯಾಗಿದೆ ಅಥವಾ ಶೀಟಿನ ದಪ್ಪ ಎಲ್ಲ ಕಡೆ ಸಮ ಇಲ್ಲ. ಚೌಕಟ್ಟನ್ನು ಅದರ ಸಮತಲದಲ್ಲೇ ಕಾಲು ಸುತ್ತು ತಿರುಗಿಸಿ. ಎಳೆತವೂ ಜೊತೆಗೆ ತಿರುಗಿದರೆ ತಪ್ಪು ಶೀಟಿನದು, ಇದ್ದಲ್ಲೇ ಇದ್ದರೆ ನಿಲ್ಲಿಸಿದ ರೀತಿಯದು.

ಬಿಸಿಲಿಗೆ ಹಿಡಿದು ಕಾಗದ ಸುಡಬಹುದೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಆಗದು. ಸೂರ್ಯ ಬಿಂದುವಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ. 2 ಮೀಟರ್ ಸಂಗಮದೂರಕ್ಕೆ ಅದರ ಬಿಂಬ ಸುಮಾರು 19 ಮಿ.ಮೀ. ಅಗಲ ಬರುತ್ತದೆ, ಪ್ಲೇಟೇ 10 ಮಿ.ಮೀ. ಇರುವಾಗ ಬೆಳಕು ಒಟ್ಟಾಗುವುದೆಲ್ಲಿಂದ? ಮೇಲಾಗಿ ಬಿಸಿಲಿನಲ್ಲಿ ಎಲ್ಲ ಬಣ್ಣಗಳಿವೆ, ಒಂದೊಂದು ಬಣ್ಣಕ್ಕೆ ಒಂದೊಂದು ಸಂಗಮದೂರ.

ಬಣ್ಣದ ಈ ವಿಷಯದಲ್ಲಿ ಗಾಜಿನ ಮಸೂರ ಮತ್ತು ಜೋನ್ ಪ್ಲೇಟ್ ಎದುರುಬದುರು. ಗಾಜು ನೀಲಿಯನ್ನು ಹೆಚ್ಚು ಬಾಗಿಸುವುದರಿಂದ ನೀಲಿಯ ಸಂಗಮ ಹತ್ತಿರ. ಪ್ಲೇಟಿನಲ್ಲಿ ಸಂಗಮದೂರ 1.3 ಅನ್ನು ತರಂಗದೂರದಿಂದ ಭಾಗಿಸಿದಷ್ಟು, ಹಾಗಾಗಿ ತರಂಗದೂರ ಕಡಿಮೆಯಾದಷ್ಟೂ ಸಂಗಮ ದೂರ ಹೋಗುತ್ತದೆ. 532 ನ್ಯಾನೊಮೀಟರಿನ ಹಸಿರು ಲೇಸರ್ ಇಟ್ಟರೆ ಅದು 2.44 ಮೀಟರ್. S 6 ಮೀಟರಿನಲ್ಲೇ ಇದ್ದರೂ ಚುಕ್ಕಿ 3 ಮೀಟರಿನಿಂದ 4.1 ಮೀಟರಿಗೆ ಸರಿಯುತ್ತದೆ.

ಇದನ್ನೇ ತಿರುಗಿಸಿ ನಿಮ್ಮ ಪಾಯಿಂಟರಿನ ನಿಜವಾದ ತರಂಗದೂರ ತೆಗೆಯಬಹುದು. ಕಪ್ಪು ಪಟ್ಟಿ ಸರಿಯಾಗಿ 100 ಮಿ.ಮೀ. ಇದೆ, a 6 ಮೀಟರ್ ಇದೆ, ಚುಕ್ಕಿ 2.9 ಮೀಟರಿನಲ್ಲಿ ಸಿಕ್ಕಿತು ಅಂದುಕೊಳ್ಳಿ. 1/6 + 1/2.9 = 0.5115. ಇದನ್ನು 1.3ರಿಂದ ಗುಣಿಸಿದರೆ 0.665, ಅಂದರೆ 665 ನ್ಯಾನೊಮೀಟರ್. 3.1 ಮೀಟರಿನಲ್ಲಿ ಸಿಕ್ಕಿದ್ದರೆ 636. ಚುಕ್ಕಿಯ ಜಾಗ ಹಿಡಿಯುವುದರಲ್ಲಿ 5 ಸೆಂ.ಮೀ. ಹೆಚ್ಚುಕಡಿಮೆ ಆದರೆ ಉತ್ತರದಲ್ಲಿ 7 ನ್ಯಾನೊಮೀಟರ್ ವ್ಯತ್ಯಾಸ ಬರುತ್ತದೆ. ಅದಕ್ಕಿಂತ ನಿಖರ ಬೇಕಾದರೆ ವಲಯಗಳ ಸಂಖ್ಯೆ ಹೆಚ್ಚಿಸಬೇಕು, ಹೊರಗಿನ ಬಳೆಗಳು ಇನ್ನೂ ಸಣ್ಣಗಾಗುತ್ತವೆ, ಆಗ ಓಹೆಚ್‌ಪಿ ಶೀಟ್ ಬಿಟ್ಟು ಫಿಲ್ಮಿಗೇ ಹೋಗಬೇಕು.